ಬಟ್ಟೆ ಹಗ್ಗದ ಸುತ್ತಲಿನ ಬಿಳಿ ಗೆರೆ

ಹಳೆಯ ಚಲನಚಿತ್ರಗಳ ಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಅಂಚಕ್ಕ ಎಂದು. ಚಿತ್ರದ ಅಂಚಿನಲ್ಲಿ ಕೂದಲೆಳೆಯಷ್ಟು ಕೊಳೆ ಇದ್ದರೂ ಅವಳ ಕಣ್ಣಿಗೆ ಚುಚ್ಚುತ್ತದೆ. ಬೆಳಿಗ್ಗೆ ಐದು ಜನರ ಡಬ್ಬಿ ಕಟ್ಟಿ ಬಂದು, ಸಂಜೆ ಅವೇ ಡಬ್ಬಿ ತೊಳೆಯಲು ಓಡುತ್ತ ಇಪ್ಪತ್ತಾರು ವರ್ಷ ಕಳೆದವಳು.

ಆ ವಾರ ಅವಳ ಮುಂದಿದ್ದದ್ದು ಬಟ್ಟೆ ಒಗೆಯುವ ಹೆಂಗಸರ ಹನ್ನೊಂದು ನಿಮಿಷದ ಚಿತ್ರ. ಮೂಲ ರೀಲು ಹುಳಿವಾಸನೆ ಹೊಡೆದು ಹಾಳಾಗಿತ್ತು. ಉಳಿದದ್ದು ಹಿಂದೆ ಯಾರೋ ಟೇಪಿಗೆ ಇಳಿಸಿ, ಆಮೇಲೆ ಡಿಸ್ಕಿಗೆ ಅದುಮಿ ತುಂಬಿದ ಪ್ರತಿ. ಒಬ್ಬೊಬ್ಬ ಹೆಂಗಸಿನ ಸುತ್ತಲೂ ಸೀಮೆಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ, ಅದರಾಚೆ ಮಸುಕಾದ ಇನ್ನೊಂದು. ಕೆನ್ನೆಗಳ ಮೇಲೆ ಚೌಕ ಚೌಕ.

“ಟೇಪಿಗೆ ಇಳಿಸೋವಾಗ ಚಿತ್ರ ಚೂಪು ಮಾಡೋ ಗುಂಡೀನ ಕಡೇತನಕ ತಿರುಗಿಸಿದಾನೆ. ಕಣ್ಣು ಮನೇಲಿ ಬಿಟ್ಟು ಬಂದಿದ್ದ ಪುಣ್ಯಾತ್ಮ,” ಎಂದು ಮೂರು ದಿನ ಬೈದಳು. ಪಕ್ಕದ ಮೇಜಿನವರು ನಕ್ಕರು. ಅವಳಿಗೂ ಹಾಯೆನಿಸಿತು.

ಮೊದಲು ಚೌಕಗಳ ಹೊಲಿಗೆ ಕರಗುವಷ್ಟೇ ಮೆಲ್ಲಗೆ ಒಂದು ಫಿಲ್ಟರ್. ಹೆಚ್ಚಾದರೆ ಮುಖಗಳು ಮೇಣವಾಗುತ್ತವೆ. ನಂತರ ಕಪ್ಪು ಅಂಚುಗಳ ಪಕ್ಕದ ಬಿಳಿಯನ್ನು ತಗ್ಗಿಸುವ ಇನ್ನೊಂದು. ಅದನ್ನು ಜೋರು ಮಾಡಿದಾಗ ಗೆರೆಗಳ ಜೊತೆ ಬಟ್ಟೆ ಹಗ್ಗವೂ ಮಾಯವಾಗಿ, ದುಪ್ಪಟಿಗಳು ಗಾಳಿಯಲ್ಲಿ ನಿಂತವು. ಅರ್ಧಕ್ಕಿಳಿಸಿ, ಹಗ್ಗ, ಕೂದಲಿನಂಥ ತೆಳು ಗೆರೆಗಳಿಗೆ ಫಿಲ್ಟರ್ ತಾಗದಂತೆ ಮರೆ ಮಾಡಿದಳು.

ನಾಲ್ಕನೆಯ ದಿನ ಬಂದವಳು ಚಿತ್ರದಲ್ಲಿದ್ದ ಒಬ್ಬ ಹೆಂಗಸಿನ ಮಗಳು. ತಾಯಿಯದು ಬೇರೆ ಒಂದು ಫೋಟೋ ಕೂಡ ಇರಲಿಲ್ಲ. ಹಿಂದೆ ಸಂಗ್ರಹಾಲಯದಿಂದಲೇ ತಾಯಿಗೆ ಕೊಟ್ಟಿದ್ದ ಟೇಪಿನ ಡಬ್ಬಿಯನ್ನು, ಉಪಯೋಗಕ್ಕೆ ಬರಬಹುದೇನೋ ಎಂದು ತಂದಿದ್ದಳು. ಒಳಗೊಂದು ಚೀಟಿ: ಚೂಪು, ಪೂರ್ತಿ. ಅಂಚಕ್ಕನದೇ ಅಕ್ಷರ, ಕೆಳಗೆ ಅಂಚಕ್ಕನದೇ ಸಹಿ.

ಟೇಪಿಗೆ ಇಳಿಸಿದ ಆ ಸಂಜೆ ನೆನಪಾಯಿತು. ಚಿತ್ರ ಮಂಕಾಗಿದೆ ಎಂದಿದ್ದ ಸಾಹೇಬರು, ಜ್ವರದ ಮಗು, ಆರೂವರೆಗೆ ಒಲೆ ಹಚ್ಚದಿದ್ದರೆ ಮುಖ ಊದಿಸುವ ಗಂಡ. ಗುಂಡಿ ತಿರುಗಿಸಿ, ದೊಡ್ಡ ಪರದೆಯಲ್ಲಿ ನೋಡದೆ ಚೀಲ ಹೆಗಲಿಗೇರಿಸಿದ್ದಳು. ನೆಪ ನಿಜವೇ. ಗುಂಡಿ ತಿರುಗಿಸಿದ ಕೈ ಮಾತ್ರ ತನ್ನದು.

ಚೀಟಿಯನ್ನು ಮೌಸಿನ ಕೆಳಗೆ ಸರಿಸಿದಳು. ಪರದೆಯಲ್ಲಿ ತಾಯಿ ಈಗ ಸೀಮೆಸುಣ್ಣದ ಗೆರೆಯಿಲ್ಲದೆ ದುಪ್ಪಟಿ ಹಿಂಡುತ್ತಿದ್ದಳು. ಮಗಳು ಪರದೆಗೆ ಮುಖ ತಂದಳು.

“ಮೇಡಂ, ಬೆರಳು? ಎಲ್ಲಾ ಬಿಳೀ ಮುದ್ದೆ ಥರ ಇದೆಯಲ್ಲ. ಅಮ್ಮನ ಒಂದು ಬೆರಳು ಸೊಟ್ಟಗಿತ್ತು, ಹಿಂಡೀ ಹಿಂಡೀ. ಅದು ಬರಲ್ವಾ?”

ಗೆರೆ ತಗ್ಗಿಸಬಹುದು, ಬಿಳುಪು ತುಂಬಿ ತುಳುಕಿದ ಕಡೆ ಅಡಿಯಲ್ಲಿ ಏನೂ ಉಳಿದಿರುವುದಿಲ್ಲ. ಟೇಪು ಹಳೆಯದು ಎಂದರೆ ಸಾಕಿತ್ತು. ಪಕ್ಕದ ಮೇಜಿನವರು ಇತ್ತ ತಿರುಗಿದ್ದರು.

ಅಂಚಕ್ಕ ಮೌಸ್ ಎತ್ತಿ ಚೀಟಿಯನ್ನು ಮಗಳ ಮುಂದಿಟ್ಟಳು.

“ಬರಲ್ಲಮ್ಮ. ಅದನ್ನ ಅಳಿಸಿದ್ದು ನಾನೇ. ಮೂರು ದಿನದಿಂದ ಬೇರೆ ಯಾರನ್ನೋ ಬೈತಿದ್ದೆ.”

ಮಗಳು ಚೀಟಿ ಓದಿದಳು. ಆಮೇಲೆ ಪರದೆಯ ಬಿಳಿ ಮುದ್ದೆಯ ಮೇಲೆ ಉಗುರಿಟ್ಟು, “ಇಲ್ಲಿತ್ತು,” ಎಂದಳು.

ಅಂಚಕ್ಕ ತಲೆಯೆತ್ತದೆ, ಅವಳು ತೋರಿಸಿದ ಜಾಗವನ್ನು ದುರಸ್ತಿಯ ವರದಿಯಲ್ಲಿ ಬರೆದುಕೊಂಡಳು.