ಬೈಗುಳ ತಿದ್ದುವ ಕೆಲಸ

ಮಾರ್ಚ್ ತಿಂಗಳಲ್ಲಿ ನನಗೆ ಬರುವಷ್ಟು ಬೈಗುಳ ನಮ್ಮೂರಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಒಂದೂ ನನ್ನನ್ನು ಬೈದದ್ದಲ್ಲ, ಆ ಮಾತು ಬೇರೆ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿ ಪಕ್ಕದ ಒಂದು ಮೀನು ಕಾರ್ಖಾನೆಯಲ್ಲಿ ನಾನು ಎಚ್.ಆರ್. ಮೀನು ಬರುತ್ತದೆ, ತೊಳೆದು, ಕೊಯ್ದು, ಹೆಪ್ಪುಗಟ್ಟಿಸಿ ಪೆಟ್ಟಿಗೆಗೆ ತುಂಬಿ ಹೊರದೇಶಕ್ಕೆ ಕಳಿಸುತ್ತೇವೆ. ಹಣಕಾಸು ವರ್ಷದ ಕೊನೆಗೆ ಪ್ರತಿಯೊಬ್ಬ ಮೇಲಿನವರೂ ತಮ್ಮ ಕೈಕೆಳಗಿನವರ ಬಗ್ಗೆ ಅಭಿಪ್ರಾಯ ಬರೆದು ನನಗೆ ಕೊಡಬೇಕು. ಅದನ್ನು ಓದಿ, ತಿದ್ದಿಸಿ, ಮುಂಬೈಯಲ್ಲಿ ಕೂತ ಮಾಲೀಕರಿಗೆ ಕಳಿಸುವುದು ನನ್ನ ಜವಾಬ್ದಾರಿ.

ನಮ್ಮ ಕಡೆಯವರ ಒಂದು ಗುಣ ಹೇಳುತ್ತೇನೆ. ಎದುರಿಗೆ ಎಷ್ಟು ಬೇಕಾದರೂ ಬೈಯುತ್ತಾರೆ, ಐದು ನಿಮಿಷ ಬಿಟ್ಟು ಅದೇ ಬಾಯಲ್ಲಿ ಊಟ ಆಯ್ತಾ ಎಂದು ಕೇಳುತ್ತಾರೆ. ಬೈಸಿಕೊಂಡವರಿಗೂ ಅದು ಗೊತ್ತು, ಹಾಗಾಗಿ ಯಾರ ಮನಸ್ಸಿಗೂ ತಾಗುವುದಿಲ್ಲ. ತೊಂದರೆ ಏನೆಂದರೆ, ಮಾತಾಡಿದ ಹಾಗೆಯೇ ಬರೆದೂ ಬಿಡುತ್ತಾರೆ. ಕಾಗದದ ಮೇಲೆ ಆ ಐದು ನಿಮಿಷದ ನಂತರದ ಊಟದ ವಿಚಾರಣೆ ಇರುವುದಿಲ್ಲ. ಮುಂಬೈಯವರ ಕಣ್ಣಿಗೆ ಬೀಳುವುದು ಬೈಗುಳ ಮಾತ್ರ.

ಕಳೆದ ಮಾರ್ಚ್‌ನಲ್ಲಿ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಬರೆದುಕೊಟ್ಟದ್ದು ಹೀಗಿತ್ತು: ‘ಬಾಯಿ ಜೋರು. ದುರಹಂಕಾರಿ. ಹೇಳಿದ್ದು ತಲೆಗೆ ಹೋಗುವುದಿಲ್ಲ. ಶಿಫ್ಟ್ ಇನ್‌ಚಾರ್ಜ್ ಆಗಲು ನಾಲಾಯಕ್.’

ಬರೆದಾತ ಬ್ರಹ್ಮಾವರದವರು, ಐವತ್ತು ದಾಟಿದವರು, ದನಿ ಎಂದರೆ ಕಾರ್ಖಾನೆಯ ಸೈರನ್ ಕೂಡ ಸ್ವಲ್ಪ ಸಂಕೋಚಪಡಬೇಕು. ಯಾರ ಬಗ್ಗೆ ಬರೆದದ್ದೋ ಆಕೆ ಮರವಂತೆಯ ಹೆಣ್ಣು. ಮೀನು ಒಳಗೆ ಬರುವ ಜಾಗದ ಸೂಪರ್‌ವೈಸರ್. ತಾಯಿ ಮಾರ್ಕೆಟ್ಟಿನಲ್ಲಿ ಮೀನು ಮಾರಿದವರು, ತಂದೆ, ಅಣ್ಣಂದಿರು ದೋಣಿಗೆ ಹೋದವರು. ವ್ಯಾನ್ ಬಂದ ಕೂಡಲೇ ಮಂಜುಗಡ್ಡೆ ಸರಿಸಿ, ಮೀನಿನ ಹೊಟ್ಟೆಗೆ ಥರ್ಮಾಮೀಟರಿನ ಕಡ್ಡಿ ಚುಚ್ಚಿ, ತಂಪು ಸಾಲದಿದ್ದರೆ ವಾಪಸ್ ಕಳಿಸುವುದು ಆಕೆಯ ಕೆಲಸ. ಶಿಫ್ಟ್ ಇನ್‌ಚಾರ್ಜ್ ಹುದ್ದೆ ಖಾಲಿ ಇತ್ತು. ಆಕೆಗೆ ಅದು ಬೇಕಿತ್ತು, ಬೇಕು ಎಂದು ಬಾಯಿಬಿಟ್ಟು ಹೇಳಿಯೂ ಇದ್ದಳು. ಈ ನಾಲ್ಕು ಸಾಲು ಹಾಗೆಯೇ ಮುಂಬೈಗೆ ಹೋದರೆ ಆ ಹುದ್ದೆ ಇನ್ನು ಯಾವತ್ತೂ ಆಕೆಯ ಕೈಗೆ ಸಿಗುತ್ತಿರಲಿಲ್ಲ. ಒಮ್ಮೆ ಫೈಲಿಗೆ ಸೇರಿದ ‘ನಾಲಾಯಕ್’ ಅಲ್ಲಿಂದ ಅಲುಗುವುದಿಲ್ಲ.

ನನಗೆ ಸಿಟ್ಟು ಬಂತು. ಕಾಗದ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ.

‘ಇದೆಂತ ಸರ್, ಅಭಿಪ್ರಾಯವಾ, ಶಾಪವಾ?’

‘ಇದ್ದದ್ದ್ ಇದ್ದ್ಹಾಂಗೆ ಬರ್ದಿದೆ ಮೇಡಂ. ಸುಳ್ಳ್ ಬರೂಕೆ ನಂಗ್ ಬತ್ತಿಲ್ಲೆ.’

‘ಸುಳ್ಳು ಬರೆಯಿರಿ ಅಂತ ನಾನು ಹೇಳಿಲ್ಲ. ದುರಹಂಕಾರವನ್ನು ನೀವು ಕಣ್ಣಲ್ಲಿ ಕಂಡಿದ್ದೀರಾ? ಯಾವ ದಿನ, ಎಲ್ಲಿ, ಎಂತ ಮಾಡಿದ್ದಳು, ಅದು ಹೇಳಿ.’

ಇಷ್ಟು ವರ್ಷದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ. ಮನುಷ್ಯರಿಗೆ ಅಂಟಿಸಿದ ಹೆಸರನ್ನು ಕಿತ್ತು ತೆಗೆದು, ಅದರ ಕೆಳಗೆ ನಡೆದದ್ದು ಏನು ಎಂದು ನೋಡುವುದು. ‘ದುರಹಂಕಾರಿ’ ಎಂದರೆ ಯಾರೂ ತಿದ್ದಿಕೊಳ್ಳಲಾರರು, ಜಗಳ ಮಾಡಬಹುದು ಅಷ್ಟೇ. ‘ಇಂಥ ದಿನ ಹೀಗೆ ಮಾಡಿದ್ದರಿಂದ ಹೀಗಾಯಿತು, ಮುಂದೆ ಹೀಗೆ ಮಾಡು’ ಎಂದರೆ ತಿದ್ದಿಕೊಳ್ಳಲು ಒಂದು ದಾರಿ ಇರುತ್ತದೆ. ಈ ವಿಷಯದಲ್ಲಿ ನನಗೆ ಅನುಮಾನ ಇಲ್ಲ, ಯಾರ ಹತ್ತಿರ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ.

ಮ್ಯಾನೇಜರ್ ಮೊದಲು ಗೊಣಗಿದರು, ಮತ್ತೆ ಒಂದೊಂದಾಗಿ ಹೊರಗೆ ಹಾಕಿದರು. ದೀಪಾವಳಿ ಕಳೆದ ಮೇಲೆ ಬಂಗುಡೆ ಮೀನು ಜೋರಾಗಿ ಬರುತ್ತಿದ್ದ ಸಮಯ. ನಮಗೆ ಯಾವಾಗಲೂ ಮೀನು ಕೊಡುವ ಗಂಗೊಳ್ಳಿಯ ವ್ಯಾಪಾರಿಯೊಬ್ಬನ ವ್ಯಾನ್ ದಾರಿಯಲ್ಲಿ ಕೆಟ್ಟು ನಿಂತು, ಮಂಜುಗಡ್ಡೆ ಕರಗಿ, ಮೀನು ಬಿಸಿಯಾಗಿತ್ತು. ಈಕೆ ಕಡ್ಡಿ ಚುಚ್ಚಿ ನೋಡಿ ಬೇಡ ಎಂದಳು. ಸರಿಯಾದ ತೀರ್ಮಾನವೇ. ಬಂಗುಡೆ ಒಮ್ಮೆ ಬಿಸಿಯಾಗಿ ಅದರಲ್ಲಿ ವಿಷ ಹುಟ್ಟಿದರೆ ಮತ್ತೆ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಆದರೆ ಬೇಡ ಎಂದದ್ದು ಬೇರೆ ವ್ಯಾಪಾರಿಗಳು, ಲೋಡಿಂಗಿನವರು ಎಲ್ಲ ಸೇರಿದ್ದ ಅಂಗಳದಲ್ಲಿ. ‘ಈ ಮೀನ್ ನಿನ್ನ್ ಮನಿ ಮಕ್ಕಳಿಗ್ ಹಾಕ್ತ್ಯಾ?’ ಎಂದು ಕೇಳಿದ್ದಳಂತೆ. ಆತ ಮುಖ ಕೆಂಪು ಮಾಡಿಕೊಂಡು ಹೋದವನು ಆ ಸೀಸನ್ ಪೂರ್ತಿ ಇನ್ನೊಂದು ಕಾರ್ಖಾನೆಗೆ ಮೀನು ಹಾಕಿದ. ನಮ್ಮಲ್ಲಿ ಮೀನು ಕೊಯ್ಯುವ ಹೆಂಗಸರು ಎಷ್ಟೋ ದಿನ ಮಧ್ಯಾಹ್ನದೊಳಗೆ ಕೆಲಸ ಮುಗಿದು ಮನೆಗೆ ಹೋಗಬೇಕಾಯಿತು.

‘ಹಾಗಾದರೆ ಮೀನು ವಾಪಸ್ ಕಳಿಸಿದ್ದು ತಪ್ಪಾ?’

‘ಛೆ, ಅದ್ ಬರೋಬ್ಬರಿ. ಅವ್ಳ್ ಇದ್ರೆ ನಾ ಆ ಬದಿಗ್ ಹೋಪುದೇ ಬ್ಯಾಡ.’

‘ಅದನ್ನು ಎಲ್ಲಿ ಬರೆದಿದ್ದೀರಿ?’

ಅವರು ಕಾಗದ ನೋಡಿದರು. ಎಲ್ಲಿಯೂ ಬರೆದಿರಲಿಲ್ಲ. ಹೊಗಳುವುದನ್ನು ಬರೆಯುವ ಅಭ್ಯಾಸ ನಮ್ಮ ಗಂಡಸರಿಗೆ ಇಲ್ಲ, ಹೊಗಳಿದರೆ ಎಲ್ಲಿ ತಲೆಗೆ ಏರುತ್ತದೋ ಎಂದು ಭಯ.

ಮರುದಿನ ಹೊಸದಾಗಿ ಬರೆದು ತಂದರು. ನನ್ನ ಮೇಲಿನ ಸಿಟ್ಟಿಗೋ ಏನೋ, ಈ ಸಲ ಪಾಯಸವನ್ನೇ ಬಡಿಸಿದ್ದರು. ‘ಉತ್ತಮ ಕೆಲಸಗಾರ್ತಿ. ಸಂವಹನದಲ್ಲಿ ಇನ್ನಷ್ಟು ಉತ್ತಮಗೊಳ್ಳಲು ಅವಕಾಶವಿದೆ.’ ಇಂಟರ್ನೆಟ್ಟಿನಿಂದ ಎತ್ತಿದ್ದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಇದನ್ನು ಓದಿದರೆ ಆಕೆ ಖುಷಿಯಲ್ಲಿ ಮನೆಗೆ ಹೋಗಿ, ಮುಂದಿನ ದೀಪಾವಳಿಗೆ ಇನ್ನೊಬ್ಬ ವ್ಯಾಪಾರಿಯನ್ನು ಓಡಿಸುತ್ತಿದ್ದಳು. ಬೈಗುಳವಾದರೂ ಎಲ್ಲೋ ಏನೋ ಸರಿ ಇಲ್ಲ ಎಂದು ತಿಳಿಸುತ್ತದೆ, ಈ ಪಾಯಸ ಅದನ್ನೂ ತಿಳಿಸುವುದಿಲ್ಲ. ಅದನ್ನೂ ವಾಪಸ್ ಕೊಟ್ಟೆ.

‘ಕಾರ ಹಾಕಿರೆ ಬ್ಯಾಡ, ಸಿಹಿ ಹಾಕಿರೂ ಬ್ಯಾಡ. ನಿಮ್ಗೆ ಎಂತ ಬೇಕ್ ಮಾರಾಯ್ರೆ?’ ಎಂದು ಅವರು ಕುರ್ಚಿಗೆ ಒರಗಿದರು.

‘ನಿನ್ನೆ ನನಗೆ ಹೇಳಿದ್ದನ್ನೇ ಬರೆಯಿರಿ.’

ಇಬ್ಬರೂ ಕೂತು ಬರೆದೆವು. ಮಾತು ಅವರದ್ದು, ಜೋಡಣೆ ನನ್ನದು. ಅಭಿಪ್ರಾಯದ ಜೊತೆ ಅಂಕ ಎಷ್ಟು ಕೊಡಬೇಕು ಎನ್ನುವುದಕ್ಕೆ ನಾನು ಕೈ ಹಾಕುವುದಿಲ್ಲ, ಅದು ಬರೆಯುವವರ ಹಕ್ಕು. ಕೊಟ್ಟ ಅಂಕಕ್ಕೂ ಬರೆದ ಮಾತಿಗೂ ತಾಳೆ ಇದೆಯೇ ಎಂದು ಮಾತ್ರ ನೋಡುತ್ತೇನೆ. ಕೊನೆಗೆ ನಿಂತದ್ದು ಇದು:

‘ಮೀನಿನ ಗುಣಮಟ್ಟದ ವಿಷಯದಲ್ಲಿ ಯಾರ ಮುಲಾಜಿಗೂ ಬೀಳುವುದಿಲ್ಲ. ಇವರ ತೀರ್ಮಾನವನ್ನು ನಾನು ಪೂರ್ತಿ ನಂಬುತ್ತೇನೆ. ಕಳೆದ ಸೀಸನ್ನಿನಲ್ಲಿ ಬಿಸಿಯಾದ ಬಂಗುಡೆಯನ್ನು ವಾಪಸ್ ಕಳಿಸಿದ್ದು ಸರಿ. ಆದರೆ ವ್ಯಾಪಾರಿಯನ್ನು ಎಲ್ಲರ ಎದುರು ಹೀಯಾಳಿಸಿದ್ದರಿಂದ ಆತ ನಮ್ಮನ್ನು ಬಿಟ್ಟು ಹೋದ, ನಮ್ಮ ಹೆಂಗಸರಿಗೆ ಕೆಲಸ ಕಡಿಮೆಯಾಯಿತು. ಇನ್ನು ಮುಂದೆ ಮೀನು ವಾಪಸ್ ಮಾಡುವಾಗ ವ್ಯಾಪಾರಿಯನ್ನು ಒಳಗೆ ಕರೆದು, ಥರ್ಮಾಮೀಟರ್ ತೋರಿಸಿ, ಕಾರಣ ಹೇಳಬೇಕು. ಆತ ವಾದಕ್ಕೆ ನಿಂತರೆ ನನ್ನನ್ನು ಕರೆಯಬೇಕು. ಇದನ್ನು ರೂಢಿಸಿಕೊಂಡರೆ ಶಿಫ್ಟ್ ಇನ್‌ಚಾರ್ಜ್ ಕೆಲಸ ನಿಭಾಯಿಸಬಲ್ಲರು.’

ಕೊನೆಯ ಸಾಲು ನಾನು ಹೇಳಿ ಬರೆಸಿದ್ದಲ್ಲ. ಮೊದಲ ಕಾಗದದ ‘ನಾಲಾಯಕ್’ ಇದ್ದ ಜಾಗಕ್ಕೆ ಅವರೇ ಅದನ್ನು ಬರೆದರು.

ಇದನ್ನು ಆಕೆಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು, ಅದು ನಿಯಮ. ಮೂವರೂ ನನ್ನ ಕೋಣೆಯಲ್ಲಿ ಕೂತೆವು. ಗಮ್‌ಬೂಟ್ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದ ಆಕೆ ಕುರ್ಚಿಯ ತುದಿಯಲ್ಲಿ ಕೂತಳು. ಮ್ಯಾನೇಜರ್ ಓದಿದರು. ಯಾವತ್ತೂ ಕೇಳದಷ್ಟು ಸಣ್ಣ ದನಿಯಲ್ಲಿ ಓದಿದರು. ‘ಪೂರ್ತಿ ನಂಬುತ್ತೇನೆ’ ಎನ್ನುವಲ್ಲಿ ಆಕೆ ಕತ್ತೆತ್ತಿ ನೋಡಿದಳು. ‘ಹೆಂಗಸರಿಗೆ ಕೆಲಸ ಕಡಿಮೆಯಾಯಿತು’ ಎನ್ನುವಲ್ಲಿ ಕತ್ತು ತಗ್ಗಿಸಿದಳು. ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಎಲ್ಲ ಸರಿಯಾಗಿ ತಾಗಬೇಕಾದಲ್ಲಿಯೇ ತಾಗಿತ್ತು, ಇನ್ನು ಸಹಿ ಒಂದು ಬಾಕಿ.

ಆಕೆ ಪೆನ್ನು ಮುಟ್ಟಲಿಲ್ಲ.

‘ಆ ಗಂಗೊಳ್ಳಿಯವ್ರ್ ಬಪ್ಪುದ್ ಬಿಟ್ಟದ್ದ್ ನನ್ನಿಂದ ಅಂದೇಳಿ ನಂಗ್ ಗೊತ್ತೇ ಇಲ್ಲ,’ ಎಂದಳು. ‘ಬ್ಯಾರೆ ಕಾರ್ಖಾನಿಯವ್ರ್ ರೇಟ್ ಜಾಸ್ತಿ ಕೊಟ್ಟಿರ್ಕ್ ಅಂದೇಳಿ ಎಣ್ಸಿದ್ದೆ. ಕೊಯ್ಯೂ ಹೆಂಗ್ಸ್ರಲ್ಲಿ ನಮ್ಮ್ ಕೇರಿಯವ್ರೇ ಸುಮಾರ್ ಜನ ಇದ್ರ್. ಕೆಲ್ಸ ಇಲ್ಲ ಅಂದೇಳಿ ಅವ್ರ್ ಮನಿಗ್ ಹೋಪತಿಗೆ ನಾನೂ ಒಟ್ಟಿಗ್ ಬೇಜಾರ್ ಮಾಡ್ಕಂಡಿದೆ.’

ಆಕೆ ಮ್ಯಾನೇಜರ್ ಕಡೆ ತಿರುಗಿದಳು.

‘ಸರ್, ನೀವ್ ದಿನಾ ಬೈತ್ರಿ. ಟೊಪ್ಪಿ ಸಮ ಇಲ್ಲ ಅಂದೇಳಿ ಬೈತ್ರಿ, ನೀರ್ ಚೆಲ್ಲಿರೆ ಬೈತ್ರಿ, ಬಸ್ ತಡ ಆಯಿ ಬಂದ್ರೂ ನಂಗೇ ಬೈತ್ರಿ. ಇದೊಂದ್ ಎಂತಕ್ಕ್ ಹೇಳ್ಲಿಲ್ಲ? ಅವತ್ತೇ ಹೇಳಿರೆ ನಾ ಗಂಗೊಳ್ಳಿಗ್ ಹೋಯಿ ಅವ್ರತ್ರ ಮಾತಾಡಿ ಕರ್ಕಂಡ್ ಬತ್ತಿದ್ದೆ.’

ನಾನು ಅಷ್ಟು ಕಷ್ಟಪಟ್ಟು ನಯ ಮಾಡಿದ ಸಾಲುಗಳ ಬಗ್ಗೆ ಆಕೆಗೆ ಯಾವ ತಕರಾರೂ ಇರಲಿಲ್ಲ. ಅದು ನವೆಂಬರಿನಲ್ಲಿ ಹೇಳಬೇಕಾದ ಮಾತು, ಮಾರ್ಚ್‌ನಲ್ಲಿ ಬಂತು ಎನ್ನುವುದೇ ಆಕೆಯ ಸಂಕಟ. ಎಷ್ಟು ಚೆನ್ನಾಗಿ ಬರೆದರೂ ತಡವಾದದ್ದು ತಡವೇ.

ಮ್ಯಾನೇಜರ್ ಈಗ ಗುಡುಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

‘ಹೆದ್ರಿಕಿ ಆಯ್ತ್,’ ಎಂದರು.

‘ಎಂತದ್?’ ಎಂದಳು ಆಕೆ.

‘ಆ ಮೀನ್ ನೀ ನಿಲ್ಸದೆ ಇದ್ದಿದ್ರೆ ಕಾರ್ಖಾನಿಯೇ ಮುಳುಗ್ತಿತ್ತ್. ಅದ್ ಮಾಡಿದ್ ಕೂಡ್ಲೆ ನಿನ್ನ್ ಕರ್ದ್ ತಪ್ಪ್ ಅಂದ್ರೆ, ನೀ ಬಿಟ್ಟ್ ಹೋತಿ ಅಂದೇಳಿ ಎಣ್ಸಿದೆ. ನಿನ್ನಂತವ್ಳ್ ನಂಗ್ ಇನ್ನೊಬ್ಳ್ ಎಲ್ ಸಿಕ್ತ್ಳ್?’

ಆ ಮನುಷ್ಯನಿಗೆ ಹೆದರಿಕೆ ಎಂಬುದು ಇದೆ ಎಂದು ನಮಗಿಬ್ಬರಿಗೂ ಅವತ್ತೇ ಗೊತ್ತಾದದ್ದು. ಆಕೆಯ ಕಣ್ಣು ತುಂಬಿ ಬಂತು. ಪೆನ್ನು ಎತ್ತಿಕೊಂಡಳು, ಆದರೆ ಸಹಿಗೆ ಮೊದಲು ನೌಕರರ ಮಾತಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ನಿಧಾನಕ್ಕೆ ಬರೆದಳು. ಸಾಮಾನ್ಯವಾಗಿ ಅಲ್ಲಿ ಯಾರೂ ಏನೂ ಬರೆಯುವುದಿಲ್ಲ. ಬರೆದು ಮುಗಿಸಿ ಕಾಗದವನ್ನು ನನ್ನ ಕಡೆ ತಿರುಗಿಸಿದಳು.

‘ಒಪ್ಪಿದೆ. ಇನ್ನು ನನ್ನ ತಪ್ಪನ್ನು ಅವತ್ತೇ ಹೇಳಬೇಕು. ನಾನು ಬಿಟ್ಟು ಹೋಗುವುದಿಲ್ಲ.’

ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದದೆ ಮುಂಬೈಗೆ ಕಳಿಸಿದೆ.