ದೇರಪ್ಪನ ಎರಡು ಜೀನ್ಸ್

ವಿರಾಜಪೇಟೆ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದೇರಪ್ಪ ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ೧೯೭೨ರಲ್ಲಿ ಬೊಂಬಾಯಿಯಲ್ಲಿದ್ದ ತಮ್ಮ ಗಡಸು ನೀಲಿ ಜೀನ್ಸ್ ಬಟ್ಟೆ ಕಳಿಸಿದಾಗ, ನೆಂಟರ ಮದುವೆಗೊಂದು, ತೋಟದ ಕೆಲಸಕ್ಕೊಂದು ಪ್ಯಾಂಟು ಹೊಲಿಯಲು ಟೈಲರ್ ನೀಲಾವತಿಗೆ ಕೊಟ್ಟ.

ತಿರುಗಿ ಹೋದಾಗ ಒಂದು ಕಡುನೀಲಿ, ಇನ್ನೊಂದು ಮಾಸಲು. ಎರಡೂ ನೇರ, ಅವನು ಹೇಳಿದ್ದ ಬಿಗಿ ಇಲ್ಲ. ನನ್ನ ಬಟ್ಟೆಯನ್ನು ಬದಲಾಯಿಸಿದ್ದಾಳೆ ಎಂದುಕೊಂಡ.

"ಇದು ನಂದಲ್ಲ ಅಕ್ಕ."

"ನಿಮ್ದೇ. ಕುಗ್ಗಲಿ ಅಂತ ಬಟ್ಟೆ ಪೂರ್ತಿ ನೆನೆಸಿಟ್ಟು ಆಮೇಲೆ ಕತ್ತರಿಸಿದ್ದು. ತೋಟದ್ದನ್ನ ಮಾತ್ರ ಹೊಲಿದ್ಮೇಲೆ ಎಂಟತ್ತು ಸಲ ಒಗ್ದೆ, ಮೆತ್ತಗಿರ್ತದೆ. ಮದುವೆಗೆ ಕಡುಬಣ್ಣವೇ ಚಂದ."

ಅವನ ಮುಖ ಸಡಿಲವಾಗಲಿಲ್ಲ. ನೀಲಾವತಿ ಮಾಸಲು ಪ್ಯಾಂಟಿನ ಕಾಲಿನ ಮಡಿಕೆ ಬಿಚ್ಚಿದಳು. ಒಳಗೆ ಮಡಿಚಿದ್ದ ಜಾಗದಲ್ಲಿ ಅದೇ ಕಡುನೀಲಿ ಉಳಿದಿತ್ತು.

"ಬಿಗಿ ಯಾಕೆ ಹೊಲಿಲಿಲ್ಲ?"

"ನಿಮ್ಮ ಮೊಣಕಾಲು ಹೊರಕ್ಕೆ ಬಾಗಿ ಉಂಟು ಅಣ್ಣ. ಬಿಗಿಯಾದ್ರೆ ಬಾಗು ಎದ್ದು ಕಾಣ್ತದೆ. ತೊಡೆಯಿಂದ ನೇರ ಇಳಿದ್ರೆ ಮರೆಯಾಗ್ತದೆ."

ನಲವತ್ತು ವರ್ಷದಲ್ಲಿ ಯಾರೂ ಅವನ ಕಾಲಿನ ಸುದ್ದಿ ಎತ್ತಿರಲಿಲ್ಲ. ಕಿವಿ ಬಿಸಿಯಾಯಿತು. ಕಡುನೀಲಿಯದನ್ನು ತೊಟ್ಟು ನೋಡಿದ. ಕನ್ನಡಿಯಲ್ಲಿ ಕಾಲುಗಳು ನೆಟ್ಟಗಿದ್ದವು. ಕನ್ನಡಿಯ ಮೇಲೂ ಅನುಮಾನ ಬಂದು, ಅದನ್ನು ಬಾಗಿಲ ಬೆಳಕಿಗೆ ತರಿಸಿ ಮತ್ತೆ ನೋಡಿದ.

ಮದುವೆಯಲ್ಲಿ ಯಾರೂ ಅವನ ಕಾಲನ್ನು ಗಮನಿಸಲಿಲ್ಲ. ಆದರೂ ಯಾರಾದರೂ ನಗುತ್ತಿದ್ದಾರೆಯೇ ಎಂದು ದೇರಪ್ಪ ಊಟ ಮುಗಿಯುವವರೆಗೂ ನೋಡುತ್ತಲೇ ಇದ್ದ.