ಯಾರೂ ಹಾಕದ ಕೋಡ್

ಕುರುಗೋಡಿನ ಸುಹಾನಾ ಮೊದಲ ಸಲ ಬಳ್ಳಾರಿಯ ಗಾಂಧಿನಗರದ ನಮ್ಮ ಜೀನ್ಸ್ ಅಂಗಡಿಗೆ ಬಂದಾಗ ನಾನು ಗಿರಾಕಿ ಎಂದುಕೊಂಡೆ. ಬಂದವಳೇ ಗಂಡಸರ ಪ್ಯಾಂಟೊಂದರ ಕಿಸೆಗೆ ಕೈ ತೂರಿಸಿ, "ಅಕ್ಕಾ, ಇದರಾಗ ನಮ್ಮ ಅಬ್ಬಾನ ಕನ್ನಡಕ, ಫೋನು, ಎಲಿಅಡಿಕಿ ಚೀಲ ಮೂರೂ ಹಿಡೀತಾವ. ಇದರ ಮ್ಯಾಲ ಒಂದು ರೀಲ್ ಮಾಡ್ಲೇನ್ರಿ?" ಎಂದಳು.

ಅಂಗಡಿಯ ಆನ್‌ಲೈನ್ ಆರ್ಡರ್ ನೋಡಿಕೊಳ್ಳುವವಳು ನಾನು, ಅಂಜನಾ. ಮಾಲೀಕರು ಅಮರೇಶಣ್ಣ. ಕೌಲ್ ಬಜಾರಿನಲ್ಲಿ ಹೊಲಿಸಿದ ಮಾಲನ್ನು ಇಲ್ಲಿಂದ ಮಾರುತ್ತೇವೆ. ಆಗಷ್ಟೇ ಅಣ್ಣನಿಗೆ ರೀಲ್ ಮಾಡುವವರಿಂದ ಪ್ರಚಾರ ಮಾಡಿಸುವ ಹುಚ್ಚು ಹತ್ತಿತ್ತು. ಬೆಂಗಳೂರಿನ ಒಬ್ಬಾಕೆಯನ್ನು ಗೊತ್ತು ಮಾಡಿದ್ದರು. ನಾನು ಹಟ ಹಿಡಿದು ಸುಹಾನಾಳನ್ನೂ ಸೇರಿಸಿದೆ.

ಯಾರ ಮಾತಿನಿಂದ ಎಷ್ಟು ಮಾರಾಟವಾಯಿತು ಎಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಕೋಡ್. ಸುಹಾನಾಳದು ಅವಳ ಹೆಸರೇ. ಆನ್‌ಲೈನಾಗಲಿ ಅಂಗಡಿಯಲ್ಲಾಗಲಿ, ದುಡ್ಡು ಕಟ್ಟುವ ಮುಂಚೆ ಅದನ್ನು ಹಾಕಿದರೆ ಗಿರಾಕಿಗೆ ಹತ್ತು ಪರ್ಸೆಂಟ್ ಕಡಿಮೆ. ಆ ಕಡಿತ ಅಂಗಡಿಯದು. ಅಷ್ಟೇ ಅಲ್ಲ, ಕೋಡ್ ಬಿದ್ದ ಪ್ರತಿ ಆರ್ಡರಿಗೂ ಸುಹಾನಾಗೆ ಪಾಲು. ಅವಳ ಪುಟದಲ್ಲಿ ಒಂದು ಲಿಂಕೂ ಇತ್ತು. ಅದನ್ನು ಒತ್ತಿ ಬಂದವರು ವಾರದೊಳಗೆ ಕೊಂಡರೆ ಅದೂ ಅವಳ ಲೆಕ್ಕಕ್ಕೆ. ಕೋಡೂ ಇಲ್ಲ, ಲಿಂಕೂ ಇಲ್ಲ ಎಂದರೆ ಆ ಮಾರಾಟ ಯಾರದೂ ಅಲ್ಲ. ಲೆಕ್ಕ ಚೆನ್ನಾಗಿ ಬಂದರೆ ಹಬ್ಬದಿಂದ ಒಂದು ವರ್ಷ ಅವಳೇ ನಮ್ಮ ಅಂಗಡಿಯ ಮುಖ. ಪಿಯುಸಿಗೆ ಓದು ನಿಂತ ಹುಡುಗಿಗೆ ಅದು ಸಣ್ಣ ಮಾತಲ್ಲ.

ರೀಲಿನಲ್ಲಿ ಅವಳು ತನ್ನ ಅಬ್ಬಾ ದಸ್ತಗೀರಸಾಬರಿಗೇ ಜೀನ್ಸ್ ತೊಡಿಸಿದಳು. ಬಿಳಿ ಗಡ್ಡದ ಮನುಷ್ಯ. ಗಣಿ ಜೋರಿದ್ದ ಕಾಲದಲ್ಲಿ ಸಂಡೂರಿನಿಂದ ಬಂದರಿಗೆ ಅದಿರಿನ ಲಾರಿ ಹೊಡೆದವರು. "ನೋಡ್ರಿ, ನಮ್ಮ ಹೀರೋ ಬಂದ!" ಎಂದು ಮಗಳು ಕೂಗುತ್ತಾಳೆ, ಅವರು ಕಿಸೆಯಿಂದ ಒಂದೊಂದೇ ಸಾಮಾನು ತೆಗೆದು ಕಟ್ಟೆಯ ಮೇಲಿಡುತ್ತಾರೆ, ಕೊನೆಗೆ ಅರ್ಧ ರೊಟ್ಟಿಯೂ ಬರುತ್ತದೆ. ನಾನು ನಕ್ಕು ನಕ್ಕು ಸುಸ್ತಾದೆ.

ಬೆಂಗಳೂರಿನವಳಿಗೆ ಲಕ್ಷಗಟ್ಟಲೆ ಹಿಂಬಾಲಕರು. ಆದರೆ ನೂರಕ್ಕೆ ಒಬ್ಬರು ಲೈಕೋ ಕಾಮೆಂಟೋ ಮಾಡಿದರೆ ಹೆಚ್ಚು. ಸುಹಾನಾಗೆ ಒಂಬತ್ತು ಸಾವಿರವಷ್ಟೇ. ನೂರಕ್ಕೆ ಹನ್ನೆರಡು ಮಂದಿ ಲೈಕ್ ಒತ್ತುತ್ತಿದ್ದರು. ನಾನಂತೂ ಗೆದ್ದೆವು ಎಂದುಕೊಂಡೆ.

ತಿಂಗಳು ಮುಗಿಯಿತು. ಸುಹಾನಾಳ ಕೋಡ್ ಹಾಕಿದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಲಿಂಕಿನಿಂದಲೂ ಜನ ಬಂದಿರಲಿಲ್ಲ. ಕುರುಗೋಡು, ಸಿರುಗುಪ್ಪದ ಮಂದಿ ರೀಲನ್ನು ಇಳಿಸಿಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದರು. ಅಲ್ಲಿ ಒತ್ತಲು ಲಿಂಕ್ ಎಲ್ಲಿರುತ್ತದೆ? ಅಮರೇಶಣ್ಣ ಕಾಮೆಂಟುಗಳನ್ನು ಓದತೊಡಗಿದರು. ಸಾಲಾಗಿ "ಮಾಮು ಸೂಪರ್", "ಮಾಮು ಸೂಪರ್", ಅದೇ ಗುಲಾಬಿ ಹೂವು. ಅವರ ಮುಖ ಗಂಟಾಯಿತು.

ಸುಹಾನಾಳನ್ನು ಕರೆಸಿದರು. ಗಿರಾಕಿಗಳ ಎದುರಿಗೇ ಕೇಳಿದರು: "ಲೈಕ್ ಎಲ್ಲಿ ಕೊಂಡುಕೊಂಡಿ? ಇಷ್ಟು ಮಂದಿ ಮೆಚ್ಚ್ಯಾರ, ಒಬ್ಬರೂ ಕೋಡ್ ಹಾಕಂಗಿಲ್ಲಂದ್ರ ಹೆಂಗ?"

"ನಾ ಕೊಂಡಿಲ್ಲರೀ ಅಣ್ಣಾ. ಅವ್ರೆಲ್ಲ ನಮ್ಮ ಮಂದಿ."

"ನಿಮ್ಮ ಮಂದಿ ಆದ್ರ ನಿನ್ನ ಕೋಡ್ ಯಾಕ ಹಾಕಲಿಲ್ಲ?"

ಅವಳು ದುಪಟ್ಟಾದ ಅಂಚು ಹಿಡಿದು ನಿಂತಳು. ನಾನು ನಡುವೆ ಬಂದು, "ಅಣ್ಣಾ, ಒಳಗ ಕರದು ಕೇಳ್ರಿ" ಎಂದೆ. ಆದರೆ ಮಾತು ಆಗಲೇ ಆಡಿ ಆಗಿತ್ತು. ಹಬ್ಬದ ಪ್ರಚಾರ ಬೆಂಗಳೂರಿನವಳಿಗೆ ಹೋಯಿತು, ಸುಹಾನಾಳ ಕೋಡನ್ನು ನಿಲ್ಲಿಸಲಾಯಿತು. ವಾರದೊಳಗೆ ಬಳ್ಳಾರಿಯ ಉಳಿದ ಅಂಗಡಿಗಳಲ್ಲೂ ಕುರುಗೋಡಿನ ಹುಡುಗಿ ಸುಳ್ಳು ಲೈಕಿನವಳು ಎಂದು ಸುದ್ದಿ.

ಅದೇ ವಾರ ನಾನು, ಕೋಡ್ ನಿಲ್ಲುವ ಮುಂಚೆ ಬಂದಿದ್ದ ಆರ್ಡರ್‌ಗಳ ಪಾರ್ಸೆಲ್‌ಗಳಿಗೆ ವಿಳಾಸ ಅಂಟಿಸುತ್ತಿದ್ದೆ. ಕುರುಗೋಡು, ಸಿರುಗುಪ್ಪ, ಕೆಂಚನಗುಡ್ಡ, ಮತ್ತೆ ಕುರುಗೋಡು. ಮೊದಲು ಆ ಕಡೆಯಿಂದ ಆನ್‌ಲೈನ್ ಆರ್ಡರ್ ಬರುತ್ತಿದ್ದುದೇ ಅಪರೂಪ. ಎಲ್ಲವೂ ಆ ಕಿಸೆಯ ಪ್ಯಾಂಟೇ. ಒಂದಕ್ಕೂ ಕೋಡ್ ಇಲ್ಲ. ಮನೆಗೆ ಬಂದ ಮೇಲೆ ದುಡ್ಡು ಕೊಡುವ ಆರ್ಡರ್‌ಗಳನ್ನು ನಾವು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇವೆ. ಹಾಗೆ ಸಿರುಗುಪ್ಪದ ಗುಲ್ಜಾರಬೀ ಎಂಬುವರಿಗೆ ಫೋನ್ ಹಚ್ಚಿದಾಗ ಕೇಳಿಯೇಬಿಟ್ಟೆ: "ಅಮ್ಮಾ, ಸುಹಾನಾ ಕೋಡ್ ಹಾಕಿದ್ರ ನಿಮಗ ಕಡಿಮಿ ಆಗ್ತಿತ್ತಲ್ರಿ?"

"ಗೊತ್ತೈತಿ ತಗೋ ತಾಯಿ. ದಸ್ತಗೀರ್ ಭಾಯ್ ಎಲ್ಲಾರಿಗೂ ಹೇಳ್ಯಾನ, ಕೋಡ್ ಹಾಕಬ್ಯಾಡ್ರಿ ಅಂತ. ನಮಗ ಬಿಟ್ಟ ರೊಕ್ಕ ಹುಡುಗಿ ಪಗಾರದಾಗ ಮುರೀತಾರಂತ. ನಮ್ಮ ಮನಿ ಕೂಸಿನ ಹೊಟ್ಟಿ ಮ್ಯಾಲ ಹೊಡದು ನಾವೇನು ಉಳಸೂದೈತಿ?"

ಅದಿರು ಸಾಗಿಸುತ್ತಿದ್ದ ಕಾಲದಲ್ಲಿ ಲಾರಿ ಮಾಲೀಕ ಗಿರಾಕಿಗೆ ಏನೇ ರಿಯಾಯಿತಿ ಕೊಟ್ಟರೂ ಅದನ್ನು ಡ್ರೈವರನ ದಿನದ ಭತ್ಯೆಯಲ್ಲಿ ಮುರಿದುಕೊಳ್ಳುತ್ತಿದ್ದ. ದಸ್ತಗೀರಸಾಬರು ಕಂಡ ಲೋಕ ಅದು. ಮನೆಮನೆಗೆ ಹೋಗಿ ಮಾಲು ಕೊಳ್ಳಲು ಹಚ್ಚಿದ್ದರು, ಮಗಳ ಹೆಸರು ಮಾತ್ರ ಹಾಕಬೇಡಿ ಎಂದಿದ್ದರು. ಇಡೀ ಊರು ಪ್ರೀತಿಯಿಂದ ಪೂರ್ತಿ ಬೆಲೆ ಕೊಟ್ಟಿತ್ತು. ಆ ಪ್ರೀತಿಯೇ ಅವಳಿಗೆ ಮುಳುವಾಯಿತು.

ಓಡಿಹೋಗಿ ಅಮರೇಶಣ್ಣನಿಗೆ ಆ ಊರುಗಳ ಆರ್ಡರ್ ತೋರಿಸಿ, ಗುಲ್ಜಾರಬೀ ಹೇಳಿದ್ದನ್ನೂ ಹೇಳಿದೆ. ಅವರು ಒಂದೊಂದೇ ವಿಳಾಸ ಓದಿದರು. "ಇರಬಹುದವ್ವಾ. ಆದ್ರ ಕೋಡಿಲ್ಲದ ಮಾರಾಟ ಯಾರ ಹೆಸರಿಗೆ ಬರೀಲಿ? ಹಬ್ಬದ್ದು ಆಗಲೇ ಒಪ್ಪಿಕೊಟ್ಟೀನಿ. ಅವರಪ್ಪನ್ನ ಕರಕೊಂಡು ಬಾ, ಬಾಯಿಬಿಟ್ಟು ಹೇಳ್ಲಿ, ಮುಂದಿನದು ನೋಡೋಣು."

ಸುಹಾನಾ ಅಷ್ಟರಲ್ಲಿ ತನ್ನ ಪುಟವನ್ನೇ ಅಳಿಸಿ ಕೌಲ್ ಬಜಾರಿನ ಹೊಲಿಗೆ ಘಟಕ ಸೇರಿದ್ದಳು. ಹುಡುಕಿಕೊಂಡು ಹೋದೆ. ಹೊರಗೆ ಬಂದು, ನಾನು ಹೇಳಿದ್ದನ್ನೆಲ್ಲ ಕೇಳಿದಳು. ಮೊದಲು ನಕ್ಕಳು. "ಅಬ್ಬಾ ಎಲ್ಲಾರಿಗೂ ಹೇಳಿದ್ನಾ? ಮನಿಮನಿಗೆ ಹೋಗಿದ್ನಾ?" ಆಮೇಲೆ ಗೋಡೆಗೆ ಒರಗಿ ಅತ್ತಳು.

"ಆತನ್ನ ಕರಕೊಂಡು ಬಾ. ಎಲ್ಲಾ ಸರಿ ಆಗ್ತೈತಿ" ಎಂದೆ.

"ಬ್ಯಾಡಕ್ಕಾ. ನನಗ ಬ್ಯಾಸರಾತು, ಬಿಟ್ಟೆ ಅಂತ ಆತಗ ಹೇಳೀನಿ. ತಾನ ಕೆಡಿಸಿದೆ ಅಂತ ಗೊತ್ತಾದ್ರ ಅಬ್ಬಾ ಉಣ್ಣಂಗಿಲ್ಲ. ನನ್ನ ಹೆಸರು ಹೋದ್ರ ಹೋಗ್ಲಿ. ಆಣಿ ಮಾಡ್ರಿ, ಹೇಳಂಗಿಲ್ಲ ಅಂತ."

ಆಣೆ ಮಾಡಿದೆ. ಈಗಲೂ ಅದಕ್ಕಾಗಿ ನನ್ನನ್ನೇ ಬೈದುಕೊಳ್ಳುತ್ತೇನೆ. ಅವಳು ಒಳಗೆ ಹೋಗಿ ಮಷೀನಿನ ಮುಂದೆ ಕೂತಳು. ಅವಳ ಪಾಲಿಗೆ ಬಂದಿದ್ದು ಕಿಸೆ ಹೊಲಿಯುವ ಕೆಲಸ.

ಹಬ್ಬದ ಮುಂದೆ ಒಂದು ಮಧ್ಯಾಹ್ನ ದಸ್ತಗೀರಸಾಬರು ಅಂಗಡಿಗೆ ಬಂದರು. ರೀಲಿನಲ್ಲಿ ತೊಟ್ಟಿದ್ದ ಅದೇ ಪ್ಯಾಂಟ್, ಮೊಣಕಾಲಿನ ಹತ್ತಿರ ಬಣ್ಣ ಮಾಸಿತ್ತು. ಹಿರಿಯ ಮಗಳ ಗಂಡನಿಗೆ ಅಂತ ಒಂದನ್ನು ಆರಿಸಿ ಕೌಂಟರಿನ ಮೇಲಿಟ್ಟು ನನ್ನ ಕಡೆ ಬಗ್ಗಿದರು.

"ಸುಹಾನಾ ಯಾಕ ಬಿಟ್ಟಳವ್ವಾ? ನಾ ಎಷ್ಟು ಮಂದಿಗೆ ಹೇಳಿ ತಗೊಳ್ಳಾಕ ಹಚ್ಚಿದ್ದೆ. ಮಾಲು ಹೋಗಲಿಲ್ಲೇನು?"

"ಹೋತು ಚಾಚಾ. ಭಾಳ ಹೋತು."

ಅವರ ಮುಖ ಅರಳಿತು. ಬಿಲ್ಲು ಹಾಕುವ ಹೊಸ ಹುಡುಗಿ ರೂಢಿಯಂತೆ, "ಕೋಡ್ ಏನರ ಐತೇನ್ರಿ?" ಎಂದು ಕೇಳಿದಳು. ಸುಹಾನಾಳ ಕೋಡ್ ಸತ್ತು ಎಷ್ಟೋ ದಿನವಾಗಿತ್ತು. ದಸ್ತಗೀರಸಾಬರು ನನಗೆ ಕಣ್ಣು ಮಿಟುಕಿಸಿದರು.

"ಐತವ್ವಾ, ನನ್ನ ಮಗಳದು. ಹಾಕಬ್ಯಾಡ. ಪೂರ್ತಿ ರೊಕ್ಕ ತಗೋ."